ಏನ್ ಮಳೆ ಅಲ್ವಾ? ಗುರುತಿಲ್ಲದವರ ನಡುವಿನ ಮೊದಲ ಎರಡು ಮಾತು

ಬೆಂಗಳೂರಿನ ಮೇಖ್ರಿ ಸರ್ಕಲ್ ಹತ್ತಿರದ ಬಸ್ ಸ್ಟಾಪ್. ಸಂಜೆ ಹೊತ್ತು, ಜೋರು ಮಳೆ. ಸೂರಿನ ಕೆಳಗೆ ಇಬ್ಬರು ಹೆಂಗಸರು ನಿಂತಿದ್ದಾರೆ. ಒಬ್ಬರಿಗೊಬ್ಬರ ಗುರುತಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೀಗೊಂದು ಮಾತು ನಡೆಯುತ್ತದೆ ಅಂದುಕೊಳ್ಳಿ:

"ಏನ್ ಮಳೆ ಅಲ್ವಾ?"

"ಅಯ್ಯೋ, ಸುರೀತಾನೇ ಇದೆ ಕಣ್ರೀ. ಬೆಳಿಗ್ಗೆ ಬಿಸಿಲಿತ್ತು ಅಂತ ಛತ್ರೀನೂ ತರ್ಲಿಲ್ಲ."

"ಈ ಮಳೇಲಿ ಬಸ್ ಎಲ್ಲಿ ಸಿಕ್ಕಾಕ್ಕೊಂಡಿದ್ಯೋ ಏನೋ."

"ಹೆಬ್ಬಾಳದಲ್ಲಿ ಜಾಮ್ ಆಗಿರುತ್ತೆ. ನೀವು ಯಾವ ಕಡೆ?"

"ಯಲಹಂಕ. ಮನೆಗೆ ಹೋಗಿ ಅಡುಗೆ ಬೇರೆ ಆಗ್ಬೇಕು."

ಐದೇ ಮಾತಿನಲ್ಲಿ ಮಳೆ, ಟ್ರಾಫಿಕ್, ಅಡುಗೆ ಮೂರೂ ಬಂದುಹೋದವು. ಇಬ್ಬರಿಗೂ ಹೊಸದಾಗಿ ತಿಳಿದದ್ದು ಬಹಳ ಕಮ್ಮಿ. ಮಳೆ ಬರುತ್ತಿರುವುದು ಇಬ್ಬರ ಕಣ್ಣೆದುರೇ ಇತ್ತು. ಆದರೂ ಮಾತು ಶುರುವಾಗುವ ಮೊದಲು ಅವರು ಬರೀ ಅಕ್ಕಪಕ್ಕ ನಿಂತ ಇಬ್ಬರು, ಈಗ ಪರಸ್ಪರ ಮಾತಾಡಬಹುದಾದ ಇಬ್ಬರು. ಈ ಬದಲಾವಣೆ ಹೇಗೆ ಆಯಿತು, ಅದಕ್ಕೆ ಜಗತ್ತಿನ ಎಷ್ಟೋ ಕಡೆ ಇದೇ ಮೂರು ವಿಷಯ ಯಾಕೆ ಒದಗಿಬರುತ್ತವೆ ಅನ್ನುವುದನ್ನು ಭಾಷಾವಿಜ್ಞಾನಿಗಳೂ ಸಮಾಜಶಾಸ್ತ್ರಜ್ಞರೂ ನೂರು ವರ್ಷದಿಂದ ನೋಡುತ್ತಾ ಬಂದಿದ್ದಾರೆ. "ಅವು ಸುರಕ್ಷಿತ ವಿಷಯಗಳು" ಅನ್ನುವುದು ಎಲ್ಲರೂ ಕೊಡುವ ಉತ್ತರ. ಅದು ತಪ್ಪಲ್ಲ, ಆದರೆ ಸಾಲದು. ಗಡಿಯಾರದ ಬಣ್ಣವೂ ಸುರಕ್ಷಿತ ವಿಷಯವೇ, ಅದನ್ನು ಹಿಡಿದು ಯಾರೂ ಮಾತು ಶುರು ಮಾಡುವುದಿಲ್ಲ.

ಇದನ್ನು ಮೊದಲು ಗಂಭೀರವಾಗಿ ಎತ್ತಿಕೊಂಡವರು ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಲಿನೋವ್ಸ್ಕಿ. ಈಗ ಪಪುವಾ ನ್ಯೂಗಿನಿಗೆ ಸೇರಿದ ಟ್ರೋಬ್ರಿಯಂಡ್ ದ್ವೀಪಗಳಲ್ಲಿ, ಮೊದಲ ಮಹಾಯುದ್ಧದ ಕಾಲದಲ್ಲಿ, ಅವರು ಜನರ ನಡುವೆಯೇ ಇದ್ದು ಅಧ್ಯಯನ ಮಾಡಿದ್ದರು. 1923ರಲ್ಲಿ ಬಂದ ಒಂದು ಪ್ರಬಂಧದಲ್ಲಿ, ಕೆಲವು ಮಾತುಗಳು ಸುದ್ದಿ ಮುಟ್ಟಿಸಲು ಆಡಿದವಲ್ಲ, ಜೊತೆಗಿದ್ದೇವೆ ಎಂದು ತೋರಿಸಲು ಆಡಿದವು ಎಂದು ವಿವರಿಸಿದರು. ಹವೆಯ ಬಗ್ಗೆ ಆಡುವ ಮಾತು ಅವರು ಕೊಟ್ಟ ಉದಾಹರಣೆಗಳಲ್ಲೇ ಇತ್ತು. ಎದುರಿಗಿರುವ ಮನುಷ್ಯ ಸುಮ್ಮನಿದ್ದರೆ ನಮಗೆ ಕಸಿವಿಸಿ, ಅವನ ಮೌನದಲ್ಲಿ ಏನಿದೆಯೋ ಗೊತ್ತಾಗುವುದಿಲ್ಲ, ಮಾತು ಆ ಕಸಿವಿಸಿಯನ್ನು ಕಳೆಯುತ್ತದೆ ಎಂಬುದು ಅವರ ವಾದ. ಮಾತು ಯಾಕೆ ಬೇಕು ಎನ್ನುವುದಕ್ಕೆ ಇದು ಉತ್ತರ. ಯಾವ ಮಾತು, ಯಾಕೆ ಅದೇ ಮಾತು ಎನ್ನುವುದು ಗೊತ್ತಾಗಬೇಕಾದರೆ ಇನ್ನೂ ಹತ್ತಿರ ಹೋಗಿ ನೋಡಬೇಕು. ಟೇಪ್ ರೆಕಾರ್ಡರ್ ಬಂದ ಮೇಲೆ, ಜನ ನಿಜಕ್ಕೂ ಹೇಗೆ ಮಾತಾಡುತ್ತಾರೆ ಅನ್ನುವುದನ್ನು ಉಸಿರು, ತಡವರಿಕೆ ಸಮೇತ ಬರೆದುಕೊಂಡು ಪರಿಶೀಲಿಸುವ ಸಂಭಾಷಣಾ ವಿಶ್ಲೇಷಣೆ ಎಂಬ ಶಾಖೆ ಆ ಕೆಲಸ ಮಾಡಿತು.

ಮೊದಲು ಕಾಲದ ಲೆಕ್ಕ ನೋಡೋಣ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹತ್ತು ಭಾಷೆಗಳಲ್ಲಿ ಹೌದು-ಅಲ್ಲ ಉತ್ತರದ ಪ್ರಶ್ನೆಗಳನ್ನು ತೆಗೆದುಕೊಂಡು, ಪ್ರಶ್ನೆ ಮುಗಿದ ಮೇಲೆ ಉತ್ತರ ಬರಲು ಎಷ್ಟು ಹೊತ್ತಾಗುತ್ತದೆ ಎಂದು ಅಳೆಯಿತು. ಜಪಾನೀಸ್, ಡೇನಿಶ್, ಲಾವೊ, ಕೊರಿಯನ್ ಎಲ್ಲವೂ ಅದರಲ್ಲಿದ್ದವು. ಸರಾಸರಿ ಅಂತರ ಸುಮಾರು 200 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ಭಾಷೆಯಿಂದ ಭಾಷೆಗೆ ವ್ಯತ್ಯಾಸ ಇತ್ತು, ಆದರೆ ತೀರಾ ದೊಡ್ಡದಲ್ಲ. ಇನ್ನೊಂದು ಕಡೆ, ಒಂದು ಚಿತ್ರ ನೋಡಿ ಅದರ ಹೆಸರು ಹೇಳಲು ಮನುಷ್ಯನಿಗೆ ಸುಮಾರು 600 ಮಿಲಿಸೆಕೆಂಡ್ ಬೇಕು. ಅಂದಮೇಲೆ ಎದುರಿನವರ ವಾಕ್ಯ ಮುಗಿಯುವ ಮೊದಲೇ ನಾವು ಉತ್ತರ ಕಟ್ಟಲು ಶುರು ಮಾಡಿರುತ್ತೇವೆ. ಅವರ ವಾಕ್ಯ ಎಲ್ಲಿಗೆ ಹೋಗುತ್ತಿದೆ ಎಂದು ಊಹಿಸಲು ಆದರೆ ಮಾತ್ರ ಇದು ಸಾಧ್ಯ. ಗೆಳೆಯರಾದರೆ ಊಹೆ ಸುಲಭ. ಗುರುತಿಲ್ಲದವರು ಬಾಯಿ ತೆರೆದಾಗ ಏನು ಬೇಕಾದರೂ ಬರಬಹುದು. "ಏನ್ ಮ..." ಅಂದ ಕೂಡಲೇ, ಹೊರಗೆ ಮಳೆ ಸುರಿಯುತ್ತಿದ್ದರೆ, ಉಳಿದದ್ದು ಕೇಳುವ ಮೊದಲೇ ಗೊತ್ತು. ಉತ್ತರ ಆಗಲೇ ನಾಲಿಗೆಯ ಮೇಲಿದೆ. ಹವೆಯ ಮಾತು ನೀರಸ ಎಂದು ದೂರುವವರು ಈ ಒಂದು ಅಂಶ ಗಮನಿಸಬೇಕು: ಮೊದಲ ಮಾತು ಊಹಿಸಬಹುದಾದಷ್ಟು ಸರಳವಾಗಿರುವುದೇ ಕೇಳುವವರಿಗೆ ಮಾಡುವ ಉಪಕಾರ.

ಎರಡನೆಯದು ಒಪ್ಪಿಗೆ. 1984ರಲ್ಲಿ ಅನಿತಾ ಪೊಮೆರಾಂಟ್ಜ್ ಬರೆದ ಒಂದು ಲೇಖನ ಈ ಶಾಖೆಯಲ್ಲಿ ಬಹಳ ಹೆಸರಾದದ್ದು. ಯಾರಾದರೂ "ಇದು ಚೆನ್ನಾಗಿದೆ", "ಅದು ಕೆಟ್ಟದು" ಎಂದು ಅಭಿಪ್ರಾಯ ಹೇಳಿದರೆ ಎದುರಿನವರೂ ತಮ್ಮ ಅಭಿಪ್ರಾಯ ಹೇಳಲೇಬೇಕಾದ ಒತ್ತಾಯ ಹುಟ್ಟುತ್ತದೆ, ಮತ್ತು ಸಾಮಾನ್ಯವಾಗಿ ಅದು ಒಪ್ಪಿಗೆಯ ಕಡೆಗೇ ವಾಲುತ್ತದೆ ಎಂದು ಅವರು ತೋರಿಸಿದರು. ಒಪ್ಪಿಗೆ ತಡವಿಲ್ಲದೆ, ನೇರವಾಗಿ ಬರುತ್ತದೆ. ಭಿನ್ನಾಭಿಪ್ರಾಯ ಬರುವಾಗ ಮೊದಲು ಒಂದು ಮೌನ, ಆಮೇಲೆ ಒಂದು "ಹ್ಞಾಂ... ಆದ್ರೆ", ಆಮೇಲೆ ಎಲ್ಲೋ ಕೊನೆಯಲ್ಲಿ ನಿಜವಾದ ಮಾತು. ಇನ್ನೂ ಸ್ವಾರಸ್ಯದ ಸಂಗತಿ ಎಂದರೆ, ಒಪ್ಪಿಗೆಯಲ್ಲೂ ಹೆಚ್ಚುಕಡಿಮೆ ಇದೆ. ಹೇಳಿದ್ದಕ್ಕಿಂತ ಒಂದು ತೂಕ ಹೆಚ್ಚು ಹಾಕಿ ಹೇಳಿದರೆ ಅದು ಪೂರ್ತಿ ಒಪ್ಪಿಗೆ. ಅಷ್ಟೇ ತೂಕದಲ್ಲಿ ಹೇಳಿದರೆ ಅದರ ಹಿಂದೆ "ಆದರೆ" ಬರುವ ಸಂಭವ ಉಂಟು. ಬಸ್ ಸ್ಟಾಪಿನ ಎರಡನೇ ಮಾತು ಮತ್ತೆ ನೋಡಿ. "ಏನ್ ಮಳೆ" ಅಂದದ್ದಕ್ಕೆ ಬರೀ "ಹೌದು, ಮಳೆ" ಅನ್ನಲಿಲ್ಲ, "ಅಯ್ಯೋ, ಸುರೀತಾನೇ ಇದೆ ಕಣ್ರೀ" ಅಂದರು. ಮಂಗಳೂರಿನಲ್ಲಿ ಏಪ್ರಿಲ್ ತಿಂಗಳಲ್ಲಿ "ಎಂಥ ಸೆಕೆ ಮಾರಾಯ್ರೆ" ಅಂದವರಿಗೆ "ಸೆಕೆಯಾ? ಫ್ಯಾನಿನಡಿ ಕೂತರೂ ಬೆವರು ನಿಲ್ಲುವುದಿಲ್ಲ" ಅನ್ನುವ ಉತ್ತರವೂ ಇದೇ ಜಾತಿಯದು. ಅದೇ "ಪರ್ವಾಗಿಲ್ಲ, ಅಷ್ಟೇನಿಲ್ಲ" ಅಂತ ಬಂದರೆ ಮೊದಲು ಮಾತಾಡಿದವರು ಸ್ವಲ್ಪ ಮುದುಡಿಕೊಳ್ಳುತ್ತಾರೆ.

ಇಷ್ಟಕ್ಕೆಲ್ಲ ಹವೆಯೇ ಯಾಕೆ ಬೇಕು? ಇಲ್ಲಿ ಮೂರನೆಯ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಅಂಶ ಬರುತ್ತದೆ. ಯಾವುದರ ಬಗ್ಗೆಯಾದರೂ ಅಭಿಪ್ರಾಯ ಹೇಳಬೇಕಾದರೆ ಅದನ್ನು ಬಲ್ಲ ಹಕ್ಕು ಬೇಕು. ನಿಮ್ಮ ಮಗುವಿನ ಬಗ್ಗೆ ನಿಮಗಿರುವ ಹಕ್ಕು ನನಗಿಲ್ಲ. ನಾನು ಓದದ ಪುಸ್ತಕದ ಬಗ್ಗೆ ನನಗೆ ಹಕ್ಕೇ ಇಲ್ಲ. ಅಪರಿಚಿತರ ನಡುವೆ ಯಾರಿಗೆ ಯಾವುದು ಗೊತ್ತು ಎಂಬುದೇ ಗೊತ್ತಿರುವುದಿಲ್ಲ, ಹಾಗಾಗಿ ಯಾವ ವಿಷಯ ಎತ್ತಿದರೂ ಒಬ್ಬರು ಮೇಲೆ, ಒಬ್ಬರು ಕೆಳಗೆ ಆಗುವ ಅಪಾಯ ಇರುತ್ತದೆ. ಮಳೆ ಇಬ್ಬರ ಮೈಮೇಲೂ ಒಂದೇ ಥರ ಬೀಳುತ್ತಿದೆ. ಅದರ ಬಗ್ಗೆ ಪ್ರೊಫೆಸರಿಗೂ ಹೂವಾಡಗಿತ್ತಿಗೂ ಹಕ್ಕು ಸಮ. ತಪ್ಪು ಇಬ್ಬರದ್ದೂ ಅಲ್ಲ, ಹೆಗ್ಗಳಿಕೆಯೂ ಇಬ್ಬರದ್ದಲ್ಲ. "ಅಲ್ವಾ" ಎಂಬ ಬಾಲ ಮಾಡುವ ಕೆಲಸವೂ ಅದೇ: ನಾನು ಹೇಳಿದ್ದು ನಿನಗೂ ಗೊತ್ತಿರುವುದೇ ಎಂದು ಆ ಹಕ್ಕನ್ನು ಎದುರಿನವರಿಗೂ ಹಂಚುತ್ತದೆ. ಜಪಾನಿನಲ್ಲಿ ಹವೆಯ ಬಗ್ಗೆ ಆಡುವ ಮಾತು "ನೆ" ಎಂಬ ಇಂಥದೇ ಬಾಲದಿಂದ ಮುಗಿಯುತ್ತದೆ. ಅಲ್ಲಿ ಔಪಚಾರಿಕ ಪತ್ರಗಳು ಕೂಡ ಋತುವಿನ ಬಗ್ಗೆ ಒಂದೆರಡು ಸಾಲಿನಿಂದಲೇ ಶುರುವಾಗುವ ವಾಡಿಕೆ ಇದೆ.

ಈ ಸಮಾನ ಹಕ್ಕು ಇಲ್ಲವಾದಾಗ ಏನಾಗುತ್ತದೆ ಎಂದು ನೋಡಿದರೆ ವಿವರಣೆ ಸರಿಯೇ ಎಂದು ಪರೀಕ್ಷಿಸಬಹುದು. ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ, ತಾಯಿ ಹಾಸನದಲ್ಲಿದ್ದಾರೆ. ಫೋನಿನಲ್ಲಿ ತಾಯಿ "ಏನ್ ಚಳಿ ಅಲ್ವಾ" ಅನ್ನುವುದಿಲ್ಲ. "ಅಲ್ಲಿ ಚಳಿ ಹೇಗಿದೆ?" ಅನ್ನುತ್ತಾರೆ. ವಿಷಯ ಅದೇ, ವಾಕ್ಯದ ರೂಪ ಬೇರೆ. ಅಲ್ಲಿನ ಚಳಿಯ ಮೇಲಿನ ಹಕ್ಕು ಮಗಳದ್ದು ಮಾತ್ರ, ಹಾಗಾಗಿ ಅಭಿಪ್ರಾಯ ಹೋಗಿ ಪ್ರಶ್ನೆ ಬಂತು.

ಟ್ರಾಫಿಕ್ ಹೊಸ ಕಾಲದ ಹವೆ. ಜಕಾರ್ತದ "ಮಾಚೆತ್", ಲಾಗೋಸಿನ "ಗೋ-ಸ್ಲೋ", ಬೆಂಗಳೂರಿನ "ಜಾಮ್": ಈ ಊರುಗಳಲ್ಲಿ ಮೀಟಿಂಗಿಗೆ ಬಂದವರು ಕೂರುವ ಮೊದಲು ಹೇಳುವುದು ಇದನ್ನೇ. ಟಾಮ್‌ಟಾಮ್ ಎಂಬ ನಕ್ಷೆ ಕಂಪನಿ 2019ರ ವಾಹನ ದಟ್ಟಣೆಯ ಪಟ್ಟಿಯಲ್ಲಿ ಬೆಂಗಳೂರಿಗೆ ಜಗತ್ತಿನಲ್ಲೇ ಮೊದಲ ಸ್ಥಾನ ಕೊಟ್ಟಾಗ, ಆ ಸುದ್ದಿಯೇ ಊರಿನವರಿಗೆ ಮಾತಿನ ವಸ್ತುವಾಯಿತು. ಮಳೆಯ ಹಾಗೆಯೇ ಇಲ್ಲೂ ಎಲ್ಲರಿಗೂ ಸಮಾನ ಹಕ್ಕು, ಮತ್ತು ಬೈಸಿಕೊಳ್ಳುವವರು ಯಾರೂ ಆ ಕೋಣೆಯಲ್ಲಿಲ್ಲ. ತಡವಾಗಿ ಬಂದವರಿಗೆ ಕ್ಷಮೆಯೂ ಅದರಲ್ಲೇ ಅಡಗಿದೆ. ಆದರೆ ಹವೆಗೆ ಇಲ್ಲದ ಒಂದು ಗುಣ ಟ್ರಾಫಿಕ್ಕಿಗೆ ಇದೆ: ಅದು ಜನರನ್ನು ಭೂಪಟದ ಮೇಲೆ ಇಡುತ್ತದೆ. "ಸಿಲ್ಕ್ ಬೋರ್ಡ್ ದಾಟೋದೇ ಮುಕ್ಕಾಲು ಗಂಟೆ ಆಯ್ತು" ಅಂದವರು ಎಲ್ಲಿಂದ ಬಂದರು, ಬಸ್ಸೋ ಕಾರೋ ಬೈಕೋ, ಎಷ್ಟು ಹೊತ್ತಿಗೆ ಮನೆ ಬಿಟ್ಟರು, ಎಲ್ಲವೂ ಕೇಳದೆಯೇ ಹೊರಬರುತ್ತದೆ. "ನಿಮ್ಮ ಮನೆ ಎಲ್ಲಿ" ಎಂದು ಗುರುತಿಲ್ಲದ ಹೆಂಗಸನ್ನು ಕೇಳುವುದು ಸರಿಯಲ್ಲ. "ಹೆಬ್ಬಾಳದಲ್ಲಿ ಜಾಮ್ ಆಗಿರುತ್ತೆ. ನೀವು ಯಾವ ಕಡೆ?" ಎಂದು ಕೇಳಿದಾಗ ಅದೇ ಪ್ರಶ್ನೆಗೆ ಕಾರಣ ಸಿಕ್ಕಿರುತ್ತದೆ. ಉತ್ತರ ಕೊಡುವವರು ಏರಿಯಾ ಹೆಸರು ಹೇಳಿ ನಿಲ್ಲಿಸಬಹುದು, ಬೀದಿಯವರೆಗೂ ಹೋಗಬಹುದು. ಎಷ್ಟು ಬಿಚ್ಚಿಕೊಳ್ಳಬೇಕು ಎಂಬುದು ಅವರ ಕೈಯಲ್ಲೇ ಉಳಿಯುತ್ತದೆ.

ಹಾಗಾದರೆ ಎದುರಿನವರಿಗೆ ಮಾತು ಮುಂದುವರಿಸುವ ಮನಸ್ಸಿದೆಯೋ ಇಲ್ಲವೋ ಹೇಗೆ ತಿಳಿಯುವುದು? ಉತ್ತರದಲ್ಲಿ ಒಪ್ಪಿಗೆಯ ಜೊತೆ ಇನ್ನೇನಾದರೂ ಇದೆಯೇ ನೋಡಬೇಕು. "ಛತ್ರೀನೂ ತರ್ಲಿಲ್ಲ" ಎಂಬ ಮಾತನ್ನು ಯಾರೂ ಕೇಳಿರಲಿಲ್ಲ. ತಮ್ಮದೊಂದು ಸಣ್ಣ ವಿಷಯ ಸೇರಿಸಿ ಅವರು ಮುಂದಿನ ಮಾತಿಗೆ ಹಿಡಿ ಕೊಟ್ಟರು. ಅದರ ಬದಲು "ಹೂಂ" ಅಂದು ರಸ್ತೆಯತ್ತ ತಿರುಗಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು, ಮತ್ತು ಯಾರ ಮಾನವೂ ಹೋಗುತ್ತಿರಲಿಲ್ಲ. ಮಳೆಯ ಬಗ್ಗೆ ಹೇಳಿದ್ದಕ್ಕೆ "ಹೂಂ" ಪೂರ್ತಿ ಸಮರ್ಪಕ ಉತ್ತರ. ಅದೇ "ನೀವು ಏನ್ ಕೆಲಸ ಮಾಡ್ತೀರಾ?" ಎಂಬುದಕ್ಕೆ "ಹೂಂ" ಅಂದರೆ ಅದು ಅವಮಾನ. ಒಂದು ಅಕ್ಷರದಲ್ಲಿ ಮರ್ಯಾದೆಯಿಂದ ಮುಗಿಸಲು ಬರುವ ವಿಷಯವೇ ಅಪರಿಚಿತರಿಗೆ ತಕ್ಕ ವಿಷಯ.

ಊಟದ ಮಾತು ಈ ಎರಡಕ್ಕಿಂತ ಬೇರೆ. ಇದು ಸುತ್ತಲಿನ ಸಂಗತಿ ಅಲ್ಲ, ಎದುರಿನವರ ಹೊಟ್ಟೆಯ ಸಂಗತಿ. ಬ್ರಿಟಿಷ್ ಭಾಷಾವಿಜ್ಞಾನಿ ಜಾನ್ ಲೇವರ್ 1975ರಲ್ಲಿ ಇಂಥ ಮಾತುಗಳನ್ನು ಮೂರಾಗಿ ವಿಂಗಡಿಸಿದರು: ಇಬ್ಬರಿಗೂ ಸೇರಿದ ಸುತ್ತಲಿನದರ ಬಗ್ಗೆ, ಆಡುವವರ ತಮ್ಮ ಬಗ್ಗೆ, ಎದುರಿನವರ ಬಗ್ಗೆ. ಮೊದಲನೆಯದನ್ನು ಯಾರು ಯಾರಿಗೆ ಬೇಕಾದರೂ ಹೇಳಬಹುದು. ಎದುರಿನವರ ಬಗ್ಗೆ ಹೇಳುವುದು ಮಾತ್ರ ಸಾಮಾನ್ಯವಾಗಿ ಸ್ಥಾನದಲ್ಲಿ ಮೇಲಿರುವವರು ಕೆಳಗಿನವರಿಗೆ ಎಂಬುದು ಅವರು ಬ್ರಿಟನ್ನಿನ ಬಳಕೆಯಲ್ಲಿ ಕಂಡ ಕ್ರಮ. ನಮ್ಮ ಊಟದ ಪ್ರಶ್ನೆ ಈ ಕ್ರಮಕ್ಕೆ ಬಗ್ಗುವುದಿಲ್ಲ. ಡ್ರೈವರ್ ಯಜಮಾನರನ್ನು "ಊಟ ಆಯ್ತಾ ಸಾರ್?" ಎಂದು ಧಾರಾಳವಾಗಿ ಕೇಳುತ್ತಾರೆ. ಧಾರವಾಡದಲ್ಲಿ ಆಫೀಸಿನ ಪ್ಯೂನ್ ಸಾಹೇಬರಿಗೆ "ನಾಷ್ಟಾ ಆತ್ರಿ?" ಅಂದರೆ ಅದು ಅಧಿಕಪ್ರಸಂಗ ಅಲ್ಲ. ಹಸಿವು ಎಲ್ಲರಿಗೂ ಒಂದೇ ಎಂಬ ತಿಳಿವಳಿಕೆ ಈ ಪ್ರಶ್ನೆಯ ಅಡಿಯಲ್ಲಿರುವುದರಿಂದ ಸ್ಥಾನದ ಅಂತರ ಅಷ್ಟು ಹೊತ್ತು ಅಡ್ಡ ಬರುವುದಿಲ್ಲ ಅಂತ ನನಗನ್ನಿಸುತ್ತದೆ. ಚೀನಾ, ಥಾಯ್ಲೆಂಡ್, ಕೊರಿಯಾಗಳಲ್ಲೂ "ಊಟ ಆಯ್ತಾ" ಎಂಬುದೇ ಕುಶಲ ವಿಚಾರಿಸುವ ಮಾತಾಗಿ ಬಳಕೆಯಲ್ಲಿದೆ. ಇವೆಲ್ಲ ಬಹುಮಟ್ಟಿಗೆ ಅನ್ನ ಪ್ರಧಾನವಾದ ನೆಲಗಳು.

ಹೊಸಬರು ಎಡವುವುದು ಇಲ್ಲೇ. ಬೇರೆ ದೇಶದಿಂದ ಬಂದವರು ಇದನ್ನು ಆಹ್ವಾನ ಎಂದುಕೊಂಡು "ಇಲ್ಲ, ಇನ್ನೂ ಆಗಿಲ್ಲ" ಎಂದು ಕಾಯುತ್ತಾರೆ. ರಸ್ತೆಯಲ್ಲಿ ನಡೆಯುತ್ತಾ ಕೇಳಿದ "ಊಟ ಆಯ್ತಾ"ಗೆ ಉತ್ತರ "ಆಯ್ತು, ನಿಮ್ದು?" ಅಷ್ಟೇ. ಉಪವಾಸವಿದ್ದರೂ ಅದೇ ಉತ್ತರ, ಅದನ್ನು ಸುಳ್ಳು ಎಂದು ಯಾರೂ ಲೆಕ್ಕ ಇಡುವುದಿಲ್ಲ. ಆದರೆ ಅದೇ ಮಾತನ್ನು ಮನೆಯ ಬಾಗಿಲಲ್ಲಿ ನಿಂತು ಕೇಳಿದರೆ, "ಆಯ್ತು" ಅಂದ ಮೇಲೂ "ನಿಜ ಹೇಳಿ, ಎಷ್ಟೊತ್ತಿಗೆ ಆಯ್ತು?" ಎಂದು ಎರಡನೇ ಸಲ ಬಂದರೆ, ಒಳಗೆ ತಟ್ಟೆ ಇಡುವುದು ಖಂಡಿತ. ಸಾವಿನ ಮನೆಯಲ್ಲಿ "ಏನಾದ್ರೂ ಹೊಟ್ಟೆಗೆ ಹಾಕ್ಕೊಂಡ್ಯಾ?" ಅಂದಾಗ ಅದು ಮಾತು ಶುರು ಮಾಡುವ ಮಾತೇ ಅಲ್ಲ, ನಿಜವಾದ ಉತ್ತರ ಬೇಡುವ ಪ್ರಶ್ನೆ. ಕೇಳುವ ಜಾಗ ಮತ್ತು ಎರಡನೇ ಸಲ ಕೇಳಿದರೋ ಇಲ್ಲವೋ ಎಂಬುದು ಇಲ್ಲಿ ಸುಳಿವು.

ಅಪಾಯ ಇರುವುದು ಮುಂದಿನ ಪ್ರಶ್ನೆಯಲ್ಲಿ. "ಊಟ ಆಯ್ತಾ" ಎಲ್ಲರಿಗೂ ಕೇಳಬಹುದಾದದ್ದು. "ಏನ್ ಊಟ?" ಹಾಗಲ್ಲ. ನಮ್ಮ ಸಮಾಜದಲ್ಲಿ ತಟ್ಟೆಯಲ್ಲಿರುವುದನ್ನು ಹೇಳಿದರೆ ಜಾತಿ, ಧರ್ಮ, ಮನೆಯ ಸ್ಥಿತಿ ಹೇಳಿದಂತೆಯೇ. ಬಾಡಿಗೆ ಮನೆ ಹುಡುಕುವಾಗ ಮಾಲೀಕರು "ನಿಮ್ದು ಊಟ ಎಲ್ಲ ಹೇಗೆ?" ಎಂದು ಸಹಜ ದನಿಯಲ್ಲೇ ಕೇಳುತ್ತಾರೆ. ಕೇಳಿಸಿಕೊಂಡವರಿಗೆ ಅದು ಯಾವ ಪರೀಕ್ಷೆ ಎಂದು ಚೆನ್ನಾಗಿ ಗೊತ್ತಿರುತ್ತದೆ. ಹತ್ತಿರ ತರುವ ಮಾತಿನ ವೇಷದಲ್ಲಿ ದೂರ ಇಡುವ ಕೆಲಸ ನಡೆಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಹವೆಯೂ ಎಲ್ಲ ಕಡೆ ಎಲ್ಲರಿಗೂ ಸಮ ಅಲ್ಲ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ಬೆಳೆಗಾರರಲ್ಲಿ ಬೇಸಿಗೆಯ ಮಳೆಯ ಮಾತು ಹೇಗೆ ನಡೆಯುತ್ತದೆ ನೋಡಿ. ಫೆಬ್ರವರಿ ಕೊನೆ, ಮಾರ್ಚ್ ತಿಂಗಳಲ್ಲಿ ಒಂದು ಹದವಾದ ಮಳೆ ಬಿದ್ದರೆ ರೋಬಸ್ಟಾ ಗಿಡ ಹೂ ಬಿಡುತ್ತದೆ. ಅದೇ ಹೂಮಳೆ. ಆಮೇಲೆ ಎರಡು ಮೂರು ವಾರದಲ್ಲಿ ಇನ್ನೊಂದು ಮಳೆ ಬಂದು ಕಾಯಿ ಕಚ್ಚಲು ನೆರವಾಗಬೇಕು. ಹೂಮಳೆ ಅರೆಬರೆ ಬಿದ್ದರೆ ಮೊಗ್ಗು ಪೂರ್ತಿ ಅರಳದೆ ವರ್ಷದ ಫಸಲು ಕೈಕೊಡಬಹುದು. ಈ ಮಳೆ ಹರಡಿಕೊಂಡು ಬೀಳುವುದಿಲ್ಲ, ಒಂದು ಗುಡ್ಡದ ಈಚೆ ಬಿದ್ದು ಆಚೆ ಬೀಳದೆ ಹೋಗಬಹುದು. ತೋಟಗಳಲ್ಲಿ ಮಳೆಮಾಪಕ ಇರುತ್ತದೆ. ಅಳತೆ ಇಂಚು, ಸೆಂಟುಗಳಲ್ಲಿ, ನೂರು ಸೆಂಟಿಗೆ ಒಂದು ಇಂಚು. ಗುಡುಗು ಕೇಳಿದ ಮರುಬೆಳಿಗ್ಗೆ ಫೋನುಗಳು ಓಡಾಡುತ್ತವೆ: "ನಿಮ್ಮಲ್ಲಿ ಎಷ್ಟಾಯ್ತು?" "ಒಂದು ಇಂಚು ಹತ್ತು ಸೆಂಟು. ನಿಮ್ಗೆ?" "ಇಲ್ಲಿ ಬರೀ ಇಪ್ಪತ್ತು ಸೆಂಟು."

ಈ ಕೊನೆಯ ಮಾತಿನ ಮೇಲೆ ಒಂದು ಮೌನ ಬೀಳುತ್ತದೆ. ಒಪ್ಪಿಗೆ ಕೊಡುವ ಹಾಗಿಲ್ಲ, ತೂಕ ಹೆಚ್ಚಿಸುವ ಹಾಗಿಲ್ಲ. ಮಳೆ ಬಿದ್ದವರು ತಮ್ಮ ಸಂತೋಷವನ್ನು ಹಿಡಿದು "ಇವತ್ತು ನಿಮ್ಮ ಕಡೆ ಮೋಡ ಇದೆಯಂತಲ್ಲ" ಎಂದು ಬೇರೆ ದಾರಿ ಹಿಡಿಯುತ್ತಾರೆ. ಮಳೆಯ ಹೊರತು ಬೇರೇನೂ ಇಲ್ಲದ ಈ ಮಾತಿನಲ್ಲಿ ಆದಾಯದ ವಿಚಾರ ನಡೆಯುತ್ತಿದೆ. ಮಳೆ ನಕ್ಷತ್ರಗಳ ಲೆಕ್ಕ ಇಟ್ಟುಕೊಂಡ ಬಯಲುಸೀಮೆಯ ರೈತರ ನಡುವೆಯೂ ಹೀಗೆಯೇ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ, ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು" ಎಂಬ ಗಾದೆ ಹುಟ್ಟಿದ ಕಡೆ "ಮಿರಗ ಹೆಂಗಾತ್ರಿ ನಿಮ್ಮ ಕಡೆ?" ಎಂದು ಮೃಗಶಿರಾ ಮಳೆಯ ಬಗ್ಗೆ ವಿಚಾರಿಸುವುದು ಸುಮ್ಮನೆ ಕೇಳುವ ಪ್ರಶ್ನೆ ಅಲ್ಲ. ಬಿತ್ತನೆ ಆಯಿತೇ, ಬೀಜಕ್ಕೆ ಹಾಕಿದ ದುಡ್ಡು ಉಳಿಯಿತೇ ಎಂಬುದೆಲ್ಲ ಅದರಲ್ಲಿದೆ. ಬರದ ವರ್ಷ ಊರಿಗೆ ಹೋದ ಪಟ್ಟಣದವರು "ಆಹಾ, ಒಳ್ಳೆ ಬಿಸಿಲು, ಮಳೆ ಕಾಟ ಇಲ್ಲ" ಅಂದರೆ ಕಟ್ಟೆಯ ಮೇಲೆ ಕೂತವರು ಯಾಕೆ ಮಾತು ನಿಲ್ಲಿಸುತ್ತಾರೆ ಎಂಬುದಕ್ಕೂ ಇದೇ ಕಾರಣ.

ಮಾತಾಡಲೇಬೇಕು ಎಂಬ ನಿಯಮವೂ ಎಲ್ಲ ಕಡೆ ಇಲ್ಲ. ಮಾನವಶಾಸ್ತ್ರಜ್ಞ ಕೀತ್ ಬ್ಯಾಸೊ ಅಮೆರಿಕದ ಅರಿಜೋನಾದಲ್ಲಿ, ಸಿಬಿಕ್ಯೂ ಎಂಬಲ್ಲಿನ ಪಶ್ಚಿಮ ಅಪಾಚೆ ಜನರ ನಡುವೆ ಕೆಲಸ ಮಾಡಿ 1970ರಲ್ಲಿ ಬರೆದದ್ದನ್ನು ಮಲಿನೋವ್ಸ್ಕಿಯ ಪಕ್ಕದಲ್ಲಿಟ್ಟು ಓದಬೇಕು. ಅಲ್ಲಿ ಗುರುತಿಲ್ಲದ ಇಬ್ಬರು ಒಟ್ಟಿಗೆ ಇದ್ದರೂ ಸುಮ್ಮನಿರುವುದೇ ಸರಿಯಾದ ನಡತೆ, ಪರಿಚಯಕ್ಕೆ ಅವಸರ ಇಲ್ಲ. ಸಿಕ್ಕ ಕೂಡಲೇ ಮಾತಿಗಿಳಿಯುವವರ ಮೇಲೆ ಸಂಶಯ ಬರುತ್ತದೆ: ಇವರಿಗೆ ಹಣವೋ ಇನ್ನೇನೋ ಸಹಾಯವೋ ಬೇಕಿರಬೇಕು. ದೂರದ ವಸತಿ ಶಾಲೆಯಿಂದ ಮಕ್ಕಳು ಮನೆಗೆ ಬಂದಾಗಲೂ ತಂದೆತಾಯಿ ಮೊದಲಿಗೆ ಹೆಚ್ಚು ಮಾತಾಡದೆ ಮಗುವಿನ ಮಾತು ಕೇಳಿಸಿಕೊಳ್ಳುತ್ತಾರೆ. ಹೊರಗಿದ್ದು ಬಂದ ಮಗು ಎಷ್ಟು ಬದಲಾಗಿದೆ ಎಂದು ಗೊತ್ತಿಲ್ಲ, ಅದು ತಿಳಿಯುವವರೆಗೆ ಕಾಯುವುದೇ ಸರಿ ಎಂಬುದು ಅವರ ಎಣಿಕೆ. ಎದುರಿನವರು ಹೇಗಿರುವರೋ ಗೊತ್ತಿಲ್ಲ ಎಂಬ ಅದೇ ಕಸಿವಿಸಿ ಇಲ್ಲೂ ಇದೆ. ಮೇಖ್ರಿ ಸರ್ಕಲ್ಲಿನಲ್ಲಿ ಅದನ್ನು ಮಾತಾಡಿ ಕಳೆಯುತ್ತಾರೆ, ಸಿಬಿಕ್ಯೂನಲ್ಲಿ ಕಾದು ಕಳೆಯುತ್ತಾರೆ.